‘ಪ್ರೈಸ್?’ ಎಂದು ಕೇಳಿದವರು ಬುಕ್ ಮಾಡುವಂತೆ ಉತ್ತರಿಸುವುದು

ಪ್ರಶ್ನೆ: ನಾ ಹುಬ್ಬಳ್ಳ್ಯಾಗ ಬ್ರೈಡಲ್ ಮೇಕಪ್ ಮಾಡ್ತೀನಿ. ಇನ್‌ಸ್ಟಾಗ್ರಾಮ್‌ನ್ಯಾಗ ದಿನಾ ‘ಪ್ರೈಸ್?’ ಅಂತ ಮೆಸೇಜ್ ಬರ್ತಾವ, ರೇಟ್ ಹೇಳಿದ ಕೂಡ್ಲೆ ಸುಮ್ಮನಾಗ್ತಾರ. ಏನಂತ ಬರೀಬೇಕು?

ದರವನ್ನು ಮೊದಲ ಉತ್ತರದಲ್ಲಿಯೇ ಹೇಳಿರಿ. ಆದರೆ ಬರಿಯ ಅಂಕಿಯನ್ನು ಕಳಿಸದೆ, ಆ ಹಣದಲ್ಲಿ ಏನೇನು ಬರುತ್ತದೆ ಎಂಬುದನ್ನೂ, ಕೊನೆಗೆ ಮದುವೆಯ ತಾರೀಖು ಮತ್ತು ಊರಿನ ಪ್ರಶ್ನೆಯನ್ನೂ ಅದೇ ಮೆಸೇಜಿನಲ್ಲಿ ಸೇರಿಸಿರಿ. ನಾನೂ ಹುಬ್ಬಳ್ಳಿಯಲ್ಲಿಯೇ ಇದೇ ಕೆಲಸ ಮಾಡುವವಳಾದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮಗೆ ಮೆಸೇಜ್ ಮಾಡುವವಳು ಸಾಮಾನ್ಯವಾಗಿ ಮದುಮಗಳು ಅಥವಾ ಅವಳ ತಂಗಿ. ಹಣ ಕೊಡುವವರು, ಬೇಕು ಬೇಡ ಎನ್ನುವವರು ಮನೆಯ ಅವ್ವ, ಕಾಕು, ಅತ್ತಿಗೆ. ನಮ್ಮ ಉತ್ತರದ ಸ್ಕ್ರೀನ್‌ಶಾಟ್ ಮನೆಯ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅದರಲ್ಲಿ ‘14,000’ ಎಂದಷ್ಟೇ ಇದ್ದರೆ, ಓಣಿಯ ಪಾರ್ಲರಿನವರು ಸೀರೆ ಉಡಿಸುವುದನ್ನು ಬಿಟ್ಟು ಹೇಳಿದ ದರದೊಂದಿಗೆ ಅದನ್ನು ಹೋಲಿಸಿ ಮಾತು ಮುಗಿಸುತ್ತಾರೆ. ಆದ್ದರಿಂದ ಇಡೀ ಉತ್ತರ ಒಂದೇ ಮೆಸೇಜಿನಲ್ಲಿ, ಒಂದೇ ಸ್ಕ್ರೀನಿನಲ್ಲಿ ಹಿಡಿಯಬೇಕು. ನಾನು ಬರೆಯುವುದು ಹೀಗೆ:

‘ನಮಸ್ಕಾರ್ರೀ. ಮದುಮಗಳ ಮೇಕಪ್ 14,000 ರೂಪಾಯಿಂದ ಶುರು ಆಗ್ತೈತ್ರಿ. ಅದರಾಗ ಹೇರ್‌ಸ್ಟೈಲ್, ಸೀರಿ ಉಡಸೋದು, ಲ್ಯಾಶಸ್, ದಾಗೀನ ಹಾಕೋದು ಎಲ್ಲಾ ಬಂತ್ರಿ. ಹೂವು ಅಷ್ಟ ನೀವು ತರಬೇಕ್ರಿ. ಮದುವಿ ಯಾವ ತಾರೀಕು, ಯಾವ ಊರಾಗ ಐತ್ರಿ?’

ಚರ್ಮ ಎಂಥದು, ಬಜೆಟ್ ಎಷ್ಟು, ಎಷ್ಟು ಜನರಿಗೆ ಎಂದು ಆಗಲೇ ಕೇಳಿದರೆ ಅವರು ಒಂದಕ್ಕೂ ಉತ್ತರಿಸುವುದಿಲ್ಲ. ತಾರೀಖನ್ನು ಮಾತ್ರ ಯೋಚಿಸದೆ ಹೇಳುತ್ತಾರೆ, ಮತ್ತು ನಿಮಗೆ ಮೊದಲು ಬೇಕಾದದ್ದೂ ಅದೇ, ಏಕೆಂದರೆ ಒಳ್ಳೆಯ ಮುಹೂರ್ತದ ದಿನ ಬೆಳಗಿನ ಹೊತ್ತು ನೀವು ಒಬ್ಬ ಮದುಮಗಳನ್ನಷ್ಟೇ ಒಪ್ಪಿಕೊಳ್ಳಬಲ್ಲಿರಿ.

ಅವರು ‘ಗದಗ, ಮುಹೂರ್ತ ಮುಂಜಾನೆ 7.30’ ಎಂದು ಬರೆದರೆಂದು ಇಟ್ಟುಕೊಳ್ಳೋಣ. ಮದುಮಗಳು 7 ಗಂಟೆಗೆ ಸಿದ್ಧಳಾಗಬೇಕು. ಮೇಕಪ್, ಕೂದಲು, ಸೀರೆ ಸೇರಿ ಮೂರು ತಾಸು ಬೇಕು. ಅಂದರೆ 4 ಗಂಟೆಗೆ ಅವಳು ಕುರ್ಚಿಯಲ್ಲಿ ಕೂತಿರಬೇಕು. ಸುಮಾರು 60 ಕಿಲೋಮೀಟರ್ ದಾರಿ, ಹೋಗಿ ಸಾಮಾನು ಹರವಿಕೊಳ್ಳುವ ಹೊತ್ತು ಎರಡನ್ನೂ ಲೆಕ್ಕ ಹಿಡಿದರೆ ನೀವು ಇಲ್ಲಿಂದ 2.30ಕ್ಕೆ ಬಿಡಬೇಕು. ಈ ಲೆಕ್ಕವನ್ನು ಎರಡು ಸಾಲಿನಲ್ಲಿ ಮೊದಲು ಬರೆದು, ಆಮೇಲೆ ‘ಗಾಡಿ ಖರ್ಚು 3,000 ಸೇರಿ ಒಟ್ಟು 17,000’ ಎನ್ನಿರಿ. ನಡುರಾತ್ರಿ ಹೊರಡುವ ಸಂಗತಿ ತಿಳಿದ ಮೇಲೆ ಗಾಡಿ ಖರ್ಚಿನ ಬಗ್ಗೆ ಯಾರೂ ಹೆಚ್ಚು ಎಳೆದಾಡುವುದಿಲ್ಲ. ಲೆಕ್ಕವಿಲ್ಲದೆ ಮೊತ್ತ ಹೇಳಿದರೆ ಮಾತ್ರ ದರ ಏರಿಸಿದಂತೆ ಕಾಣುತ್ತದೆ.

‘ಭಾಳ ಆತ್ರಿ’ ಎಂದರೆ ದರ ಇಳಿಸಬೇಡಿರಿ, ಕೆಲಸವನ್ನು ಇಳಿಸಿರಿ. ಆರತಕ್ಷತೆಯ ಮೇಕಪ್ ಮಾತ್ರ ನಿಮ್ಮದಿರಲಿ, ಇಲ್ಲವೆ ಹುಬ್ಬಳ್ಳಿಯ ಮದುವೆಯಾದರೆ ಮದುಮಗಳೇ ನಿಮ್ಮಲ್ಲಿಗೆ ಬರಲಿ. ಸುಮ್ಮನೆ ಎರಡು ಸಾವಿರ ಬಿಟ್ಟರೆ ಮೊದಲು ಹೇಳಿದ್ದು ಸುಳ್ಳು ದರವಾಗಿತ್ತೆಂದೇ ಅವರು ತಿಳಿಯುತ್ತಾರೆ.

ಇದಾದ ಮೇಲೆ ‘ಯಾವಾಗ ಬರ್ತೀರಿ?’ ಎಂದು ಕೇಳಿದರೆ ‘ಮನಿಯಾಗ ಕೇಳಿ ಹೇಳ್ತೀನ್ರಿ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ‘ಟ್ರಯಲ್‌ಗೆ ಶನಿವಾರ 11ಕ್ಕ ಅನುಕೂಲ ಆಗ್ತೈತೋ, ರವಿವಾರ 4ಕ್ಕೋ? ಅವ್ವಾರನ್ನೂ ಕರಕೊಂಡು ಬರ್ರಿ’ ಎಂದು ಎರಡು ಹೊತ್ತು ಕೊಡಿರಿ. ತಾಯಿ ಜೊತೆಗಿದ್ದರೆ ನಿರ್ಧಾರ ಅಲ್ಲಿಯೇ ಆಗುತ್ತದೆ. ಟ್ರಯಲ್‌ಗೆ ದುಡ್ಡು ತೆಗೆದುಕೊಂಡು, ಬುಕ್ ಮಾಡಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುವುದು ಒಳ್ಳೆಯದು. ಪುಕ್ಕಟೆ ಟ್ರಯಲ್‌ಗೆ ಹೊತ್ತು ಹಿಡಿದವರು ಬಾರದೇ ಹೋಗುವುದು ಹೆಚ್ಚು.

ನೀವು ಫಾಲೋ ಮಾಡದವರ ಮೆಸೇಜುಗಳು ಹೆಚ್ಚಾಗಿ ರಿಕ್ವೆಸ್ಟ್ಸ್ ಎಂಬ ಬೇರೆ ವಿಭಾಗದಲ್ಲಿ ಬಂದು ಕೂಡುತ್ತವೆ, ಹೊಸ ಗಿರಾಕಿಗಳು ಬಹುಮಟ್ಟಿಗೆ ಇವರೇ. ಅದನ್ನು ಬೆಳಿಗ್ಗೆ, ರಾತ್ರಿ ತೆರೆದು ನೋಡಿರಿ. ಪ್ರೊಫೆಷನಲ್ ಅಕೌಂಟ್ ಇದ್ದರೆ ಮೊದಲ ಉತ್ತರವನ್ನು ಸೇವ್ಡ್ ರಿಪ್ಲೈ ಆಗಿ ಇಟ್ಟುಕೊಳ್ಳಬಹುದು. ಆದರೆ ತಾರೀಖನ್ನು ಆಗಲೇ ಬರೆದವರಿಗೂ ಅದೇ ಪ್ರಶ್ನೆ ಹೋದರೆ ಅವರಿಗೆ ಸಿಟ್ಟು ಬರುತ್ತದೆ, ಓದಿಯೇ ಕಳಿಸಿರಿ.

ಉತ್ತರ ಬಾರದಿದ್ದರೆ ಮರುದಿನ ಒಮ್ಮೆ ಮಾತ್ರ, ಆ ತಾರೀಖು ಇನ್ನೂ ಖಾಲಿ ಇದೆಯೋ ಇಲ್ಲವೋ ಎಂಬ ನಿಜವನ್ನು ಬರೆಯಿರಿ. ಮುಹೂರ್ತವೇ ಗೊತ್ತಾಗದವರನ್ನು ಹೆಚ್ಚು ಬೆನ್ನು ಹತ್ತಬೇಡಿರಿ. ಒಪ್ಪಿದವರಿಗೆ ‘ನಾಳೆ ಸಂಜಿ 6ರ ತನಕ ತಾರೀಕು ಹಿಡದಿರ್ತೀನ್ರಿ’ ಎಂದು ಹೇಳಿ, ಅಡ್ವಾನ್ಸ್ ಮೊತ್ತ, ಯುಪಿಐ ಕ್ಯೂಆರ್, ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ ಎಂಬುದು, ಈ ಮೂರನ್ನೂ ಒಟ್ಟಿಗೆ ಕಳಿಸಿರಿ. ದುಡ್ಡು ಬಂದ ಮೇಲೆ ತಾರೀಖು, ಕಲ್ಯಾಣ ಮಂಟಪದ ಹೆಸರು, ಕುರ್ಚಿಯಲ್ಲಿ ಕೂರುವ ಸಮಯ ಮತ್ತು ಬಾಕಿ ಮೊತ್ತವನ್ನು ಬರೆದು, ಅವರಿಂದ ‘ಹೌದ್ರಿ’ ಎಂಬ ಉತ್ತರ ಬರುವವರೆಗೆ ಆ ಹೊತ್ತನ್ನು ನಿಮ್ಮ ಡೈರಿಯಲ್ಲಿ ಪೆನ್ಸಿಲ್ಲಿನಲ್ಲಿಯೇ ಇಡಿರಿ.