ಗೊಂಬೆಯ ಮುಖ ಬದಲಾಗದು, ಹನುಮಂತ ಬದಲಾಗುತ್ತಾನೆ

ಪ್ರಶ್ನೆ: ಜಾತ್ರೆಯಲ್ಲಿ ತೊಗಲು ಗೊಂಬೆಯಾಟದ ಲಂಕಾದಹನ ನೋಡಿದೆವು. ಗೊಂಬೆಗಳ ಮುಖ ಒಂದಿಷ್ಟೂ ಅಲುಗಾಡುವುದಿಲ್ಲ, ಆದರೂ ಸಿಟ್ಟು, ಅಳು, ಠೀವಿ ಎಲ್ಲ ಗೊತ್ತಾಗುತ್ತಿತ್ತು. ಅದನ್ನೇ ಶಾಲೆಯ ಮಕ್ಕಳಿಂದ ರಟ್ಟಿನ ಗೊಂಬೆ ಮಾಡಿಸಿ, ಬಣ್ಣ ಹಚ್ಚಿಸಿ ಆಡಿಸಿದರೆ ಪರದೆ ಮೇಲೆ ಎಲ್ಲರೂ ಕಪ್ಪು, ಅಂಚೆಲ್ಲ ಮಸುಕು. ಮಾತಾಡುತ್ತಿರುವವರು ಯಾರು ಅಂತಲೂ ತಿಳಿಯಲಿಲ್ಲ. ಎಲ್ಲಿ ತಪ್ಪಿದೆವು?
— ಒಬ್ಬ ಪ್ರೌಢಶಾಲಾ ಶಿಕ್ಷಕಿ

ಉತ್ತರ: ಕಪ್ಪಾಗಿದ್ದಕ್ಕೆ ಕಾರಣ ರಟ್ಟು. ನೀವು ಜಾತ್ರೆಯಲ್ಲಿ ನೋಡಿದ್ದು ನಿಜವಾಗಿ ನೆರಳಲ್ಲ, ತೊಗಲಿನ ಒಳಗಿಂದ ಹಾದು ಬಂದ ಬಣ್ಣದ ಬೆಳಕು. ಕರ್ನಾಟಕದ ಗೊಂಬೆಗೆ ಹೆಚ್ಚಾಗಿ ಬಳಸುವುದು ಆಡಿನ ತೊಗಲು. ಅದನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ; ಚಪ್ಪಲಿಯ ಚರ್ಮದಂತೆ ಹದ ಮಾಡುವುದಿಲ್ಲ. ಹದ ಮಾಡಿದ ಚರ್ಮದಲ್ಲಿ ಬೆಳಕು ಹಾಯದು, ಹಸಿ ತೊಗಲು ಒಣಗಿದರೆ ಹಾಯುತ್ತದೆ. ಬಣ್ಣವೂ ಬೆಳಕು ಬಿಡುವಂಥದ್ದೇ ಆಗಬೇಕು. ಪೋಸ್ಟರ್ ಕಲರ್, ಆಯಿಲ್ ಪೇಂಟ್ ಕೈಯಲ್ಲಿ ಹಿಡಿದಾಗ ಎಷ್ಟೇ ಕೆಂಪಗಿದ್ದರೂ ದೀಪದ ಮುಂದೆ ಕಪ್ಪೇ. ಆದ್ದರಿಂದ ಹಚ್ಚಿದ ಬಣ್ಣವನ್ನು ಮೇಜಿನ ಮೇಲಿಟ್ಟು ನೋಡಬೇಡಿ, ಕಿಟಕಿಗೆ ಹಿಡಿದು ನೋಡಿ.

ಮಕ್ಕಳ ಕೈಗೆ ತೊಗಲು ಕೊಡಬೇಕಿಲ್ಲ. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಗಾಜಿನ ಮೇಲೆ ಬರೆಯುವ ಬಣ್ಣ ಹಚ್ಚಿ, ಅಂಚನ್ನು ಮಾರ್ಕರಿನಿಂದ ಕಪ್ಪಗೆ ಎಳೆಯಿರಿ. ಈ ಕಪ್ಪು ಗೆರೆ ಬಿಡಬೇಡಿ. ಅದಿಲ್ಲದಿದ್ದರೆ ದೂರ ಕೂತವರಿಗೆ ಪಕ್ಕಪಕ್ಕದ ಕೆಂಪು, ಹಸಿರು ಒಂದರೊಳಗೊಂದು ಕಲಸಿದಂತೆ ಕಾಣುತ್ತದೆ. ಒಡವೆ ಬಿಡಿಸುವ ಕೆಲಸ ಬಣ್ಣದ್ದಲ್ಲ, ತೂತಿನದು. ಕಿರೀಟ, ಕಂಠಿಹಾರ, ಡಾಬು ಇರುವೆಡೆ ಸಾಲಾಗಿ ಸಣ್ಣ ತೂತು ಹೊಡೆದರೆ ದೀಪದ ಬೆಳಕು ನೇರ ಬಂದು ಮುತ್ತಿನಂತೆ ಹೊಳೆಯುತ್ತದೆ. ಎರಡು ತೂತಿನ ನಡುವೆ ಕನಿಷ್ಠ ಒಂದು ತೂತಿನಷ್ಟು ಜಾಗ ಉಳಿಸಿ, ಇಲ್ಲವಾದರೆ ಎರಡನೇ ಆಟಕ್ಕೇ ಆ ಸಾಲು ಹರಿದುಹೋಗುತ್ತದೆ.

ಮಸುಕಾಗಿದ್ದಕ್ಕೆ ನೀವು ಟ್ಯೂಬ್‌ಲೈಟ್ ಇಟ್ಟಿದ್ದಿರಬಹುದು ಎಂದು ನನ್ನ ಅನುಮಾನ. ದೀಪ ಪರದೆಯಿಂದ 4 ಅಡಿ ಹಿಂದಿದೆ, ಗೊಂಬೆ ಪರದೆಯಿಂದ 1 ಅಡಿ ಹಿಂದೆ ಸರಿದಿದೆ ಎನ್ನಿ. ಅಂದರೆ ದೀಪಕ್ಕೂ ಗೊಂಬೆಗೂ 3 ಅಡಿ ಅಂತರ. ಆಗ ದೀಪದ ಗಾತ್ರದ ಮೂರನೇ ಒಂದು ಪಾಲಿನಷ್ಟು ಅಂಚು ಮಸುಕಾಗುತ್ತದೆ. 2 ಇಂಚಿನ ಬಲ್ಬಾದರೆ ಮುಕ್ಕಾಲು ಇಂಚಿಗಿಂತ ಕಡಿಮೆ, ಸಹಿಸಬಹುದು. 4 ಅಡಿಯ ಟ್ಯೂಬ್‌ಲೈಟಾದರೆ ಅದರ ಉದ್ದದ ದಿಕ್ಕಿನಲ್ಲಿ 16 ಇಂಚು! ಮುಖವೇ ಕರಗಿಹೋಗುತ್ತದೆ. ಹಿಂದೆ ಎಣ್ಣೆ ದೀಪ, ಆಮೇಲೆ ಪೆಟ್ರೋಮ್ಯಾಕ್ಸ್ ಇಟ್ಟು ಆಡುತ್ತಿದ್ದವರು ಈಗ ಬಲ್ಬ್ ತೂಗುಹಾಕುತ್ತಾರೆ; ಮೂರೂ ಚಿಕ್ಕ ದೀಪಗಳೇ. ಒಂದೇ ಬಲ್ಬ್ ಇರಲಿ, ಆಡಿಸುವವರ ತಲೆಗಿಂತ ಎತ್ತರದಲ್ಲಿರಲಿ. ಇಲ್ಲದಿದ್ದರೆ ರಾವಣನ ಹಿಂದೆ ನಿಮ್ಮ ಎಂಟನೇ ತರಗತಿಯ ಹುಡುಗನ ತಲೆಯೂ ಕಾಣುತ್ತದೆ.

ಇದೇ ಲೆಕ್ಕ ಆಟದ ಉಪಾಯವೂ ಹೌದು. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಬಣ್ಣ ಗಾಢ, ಗೆರೆ ಚೂಪು. 1 ಅಡಿ ಹಿಂದೆ ಎಳೆದರೆ 2 ಅಡಿಯ ಗೊಂಬೆ ಪರದೆಯ ಮೇಲೆ ಸುಮಾರು 2 ಅಡಿ 8 ಇಂಚಾಗಿ ಬೆಳೆಯುತ್ತದೆ, ಜೊತೆಗೆ ಬಣ್ಣ ತೆಳುವಾಗುತ್ತದೆ. ಮಾತಾಡುವಾಗ ಒತ್ತಿ ಹಿಡಿಯಿರಿ; ಹಾರುವಾಗ, ಮಾಯವಾಗುವಾಗ ಮಾತ್ರ ಹಿಂದೆ ಎಳೆಯಿರಿ.

ಇನ್ನು ಮುಖದ ಮಾತು. ನಟ ಮುಖ ಬದಲಿಸುತ್ತಾನೆ, ಗೊಂಬೆಯವರು ಗೊಂಬೆಯನ್ನೇ ಬದಲಿಸುತ್ತಾರೆ. ನೀವು ಹನುಮಂತನಿಗೆ ಒಂದೇ ಗೊಂಬೆ ಮಾಡಿಸಿರುತ್ತೀರಿ. ಲಂಕಾದಹನಕ್ಕೆ ನನ್ನ ಲೆಕ್ಕದಲ್ಲಿ ಮೂರು ಬೇಕು. ಅಶೋಕವನದಲ್ಲಿ ಸೀತೆಯ ಮುಂದೆ ಕೈಮುಗಿದು ಬಾಗಿದ ಚಿಕ್ಕ ಹನುಮಂತ, ಒಂದು ಗೇಣು ಸಾಕು, ಕೀಲು ಬೇಡ. ರಾವಣನ ಒಡ್ಡೋಲಗಕ್ಕೆ ಬಾಲವನ್ನು ಸುರುಳಿ ಸುತ್ತಿ ಅದರ ಮೇಲೆ ಕೂತವನು. ಅವನ ತಲೆ ರಾವಣನ ಸಿಂಹಾಸನಕ್ಕಿಂತ ಎತ್ತರಕ್ಕೆ ಬರಲಿ, ಆ ಸೊಕ್ಕು ಮಾತಿಲ್ಲದೆ ತಿಳಿಯುತ್ತದೆ. ಕೊನೆಗೆ ಬೆಂಕಿ ಹಚ್ಚುವ ದೊಡ್ಡ ಹನುಮಂತ, ಕೈಗೂ ಬಾಲಕ್ಕೂ ಕೀಲು ಇರುವವನು. ಮೂವರ ಮೂತಿ, ಕಿರೀಟ, ಮೈಬಣ್ಣ ಒಂದೇ ಇರಬೇಕು, ಬದಲಾಗುವುದು ಗಾತ್ರ ಮತ್ತು ನಿಲುವು ಮಾತ್ರ. ಬಣ್ಣ ಬದಲಾದರೆ ನೋಡುವವರು ಬೇರೆ ಕಪಿ ಬಂತೆಂದುಕೊಳ್ಳುತ್ತಾರೆ.

ಗಾತ್ರ ಅಂದರೆ ಇಲ್ಲಿ ಅಂತಸ್ತು. ರಾಜ ದೊಡ್ಡವನು, ದೂತ ಚಿಕ್ಕವನು, ಇಬ್ಬರೂ ಒಂದೇ ನೆಲದ ಮೇಲೆ ನಿಂತಿದ್ದರೂ ಸರಿ. ಕಣ್ಣು ಗುಣ ಹೇಳುತ್ತದೆ: ರಾಮ, ಸೀತೆಯರಿಗೆ ಉದ್ದನೆಯ ಶಾಂತ ಕಣ್ಣು, ರಕ್ಕಸರಿಗೆ ದುಂಡಗೆ ಹೊರಚಾಚಿದ ಕಣ್ಣು, ಕೋರೆಹಲ್ಲು. ಕಣ್ಣಿನ ಬಿಳಿಭಾಗಕ್ಕೆ ಬಣ್ಣ ಮೆತ್ತದಿರಿ. ಇಡೀ ಮುಖದಲ್ಲಿ ಅಲ್ಲಿ ಮಾತ್ರ ಬೆಳಕು ಹೆಚ್ಚು ಬಂದರೆ ನೋಟ ಎತ್ತ ಎಂದು ಹಿಂದಿನ ಸಾಲಿಗೂ ತಿಳಿಯುತ್ತದೆ. ಹೆಚ್ಚಿನ ಮುಖಗಳನ್ನು ಪಕ್ಕಕ್ಕೆ ತಿರುಗಿಸಿ ಬರೆಯುವುದೂ ಇದಕ್ಕೇ: ಮೂಗು, ತುಟಿ, ಗಲ್ಲದ ಏರಿಳಿತ ಅಂಚಿನಲ್ಲೇ ಸಿಗುತ್ತದೆ.

ಕರ್ನಾಟಕದಲ್ಲಿ ಒಂದೇ ತೊಗಲಿನ ಮೇಲೆ ಇಡೀ ದೃಶ್ಯ ಬರೆದ ಗೊಂಬೆಗಳು ಬಹಳ. ರಾವಣ, ಸಿಂಹಾಸನ, ಚಾಮರ ಬೀಸುವವರು, ಎಲ್ಲ ಒಂದೇ ತುಂಡು. ಯಾವ ಕೀಲೂ ಇಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯದಲ್ಲಿ ತೊಗಲು ಗೊಂಬೆಗಳ ಸಂಗ್ರಹವಿದೆ, ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಇಂಥ ಗೊಂಬೆ ಅಲುಗಾಡದು ಎಂಬುದು ಕೊರತೆಯಲ್ಲ. ಒಡ್ಡೋಲಗದ ರಾವಣ ಕೈ ಬೀಸುತ್ತ ಕೂತರೆ ಠೀವಿ ಹೋಗುತ್ತದೆ. ಅವನು ಸ್ಥಿರ, ಎದುರಿಗಿರುವ ಕಪಿ ಚಂಚಲ, ಸಂಘರ್ಷ ಅಲ್ಲೇ ಕಣ್ಣಿಗೆ ಕಟ್ಟುತ್ತದೆ. ಕೀಲು ಹಾಕುವಲ್ಲಿ ಒಂದು ಎಚ್ಚರ: ಎರಡು ಪದರ ಒಂದರ ಮೇಲೊಂದು ಬರುವ ಜಾಗ ಪರದೆಯ ಮೇಲೆ ಕಪ್ಪು ಮಚ್ಚೆಯಾಗುತ್ತದೆ. ಅದು ಭುಜಕೀರ್ತಿಯ ಅಡಿ ಬರುವಂತೆ ಕತ್ತರಿಸಿ, ದಾರದ ಗಂಟು ಸಡಿಲ ಇಡಿ.

ಯಾರು ಮಾತಾಡುತ್ತಿದ್ದಾರೆ ಎಂಬ ಗೊಂದಲಕ್ಕೆ ಮದ್ದು ಸುಲಭ. ನಿಮ್ಮ ಮಕ್ಕಳು ಎಲ್ಲ ಗೊಂಬೆಗಳನ್ನೂ ಒಟ್ಟಿಗೆ ಅಲುಗಿಸಿರುತ್ತಾರೆ. ಮಾತಾಡುವ ಗೊಂಬೆ ಮಾತ್ರ ಅಲುಗಬೇಕು, ಅದೂ ಮಾತಿನ ಒತ್ತು ಬೀಳುವಲ್ಲಿ. ಕೇಳುವ ಗೊಂಬೆ ಬಟ್ಟೆಗೆ ಅಂಟಿದಂತೆ ನಿಲ್ಲಬೇಕು. ಉದ್ದಕ್ಕೆ ಸೀಳಿದ ಬಿದಿರ ಕಡ್ಡಿಯ ನಡುವೆ ಗೊಂಬೆಯನ್ನು ನೆತ್ತಿಯಿಂದ ಕೆಳಗಿನವರೆಗೆ ಸಿಕ್ಕಿಸಿ ಕಟ್ಟಿದರೆ ಹೀಗೆ ನಿಲ್ಲಿಸಬಹುದು. ಕಡ್ಡಿ ಸೊಂಟದವರೆಗೆ ಮಾತ್ರ ಇದ್ದರೆ ತಲೆ ಬಾಗಿ ಪರದೆ ಬಿಡುತ್ತದೆ, ಮುಖವೇ ಮೊದಲು ಮಸುಕಾಗುತ್ತದೆ.

ಕಥೆ ದಾಟಿಸಲು ನಿರೂಪಕನನ್ನು ಮೈಕಿನ ಮುಂದೆ ನಿಲ್ಲಿಸುವ ಬದಲು ಗೊಂಬೆಯಾಟದ ಹಾಸ್ಯಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕರನ್ನು ತನ್ನಿ. ಕಪ್ಪು ಮೈಯ ಕಿಳ್ಳೇಕ್ಯಾತನ ಕೈಕಾಲೆಲ್ಲ ಸಡಿಲ. ರಾಜರು ಗ್ರಂಥದ ಕನ್ನಡದಲ್ಲಿ ಗುಡುಗಿದರೆ ಅವನದು ಊರಿನ ಬಾಯಿಮಾತು. "ಬಾಲಕ್ಕೆ ಇಷ್ಟು ಬಟ್ಟೆ ಸುತ್ತಿದರಲ್ಲ, ನನಗೊಂದು ಪಂಚೆ ಕೊಡಬಾರದಿತ್ತಾ?" ಎಂದು ಅವನು ಕೇಳುವಷ್ಟರಲ್ಲಿ ಹಿಂದೆ ದೊಡ್ಡ ಹನುಮಂತನನ್ನು ಎತ್ತಿಕೊಳ್ಳಲು ನಿಮಗೆ ಸಮಯ ಸಿಗುತ್ತದೆ. ಆಡಿಸುವವರ ಕಾಲಡಿ ಒಂದು ಮರದ ಹಲಗೆ ಇರಲಿ: ಗೊಂಬೆ ಜಿಗಿದಾಗಲೆಲ್ಲ ಅದನ್ನು ತುಳಿದು ಸದ್ದು ಮಾಡಿ.