ಎರಡು ತಪ್ಪು ಎರಡೇ, ಆದರೂ ಎರಡು ಕವಲುಗಳು ಒಂದೇ ಅಲ್ಲ

ಪ್ರಶ್ನೆ: ಸಾಲುಗಳನ್ನು ಒಂದೊಂದೇ ಕಾಲಂ ನೋಡಿ ಗುಂಪುಗಳಾಗಿ ಒಡೆಯುತ್ತಾ ಉತ್ತರ ಊಹಿಸುವ ಡಿಸಿಷನ್ ಟ್ರೀ ಯಾವ ಕಾಲಂ ಮೇಲೆ ಕವಲೊಡೆಯಬೇಕು ಎಂದು ತೀರ್ಮಾನಿಸಲು ಜಿನಿ, ಎಂಟ್ರೊಪಿ ಎಂಬ ಅಳತೆಗಳು ಯಾಕೆ ಬೇಕು? ಎಷ್ಟು ತಪ್ಪಾಯಿತು ಎಂದು ಎಣಿಸಿದರೆ ಸಾಲದೇ?

ಸಾಲುವುದಿಲ್ಲ. ಯಾಕೆಂದು ಎಂಟು ಸಾಲಿನ ಕೋಷ್ಟಕದಲ್ಲೇ ಕಾಣಿಸುತ್ತದೆ. ಪೆನ್ನು ಹಿಡಿದು ಒಮ್ಮೆ ಲೆಕ್ಕ ಹಾಕಿ ನೋಡಿದ ಮೇಲೆಯೇ ನನಗೂ ಇದು ಮನಸ್ಸಿಗೆ ಇಳಿದದ್ದು.

ಬಸವನಗುಡಿಯಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಹೋಗುವವರೊಬ್ಬರು ಎಂಟು ದಿನ ಹೀಗೆ ಬರೆದಿಟ್ಟುಕೊಂಡರು ಎಂದುಕೊಳ್ಳಿ:

| ದಿನ | ಮಳೆ | 7:30ಕ್ಕೆ ಮೊದಲೇ ಹೊರಟರೇ | ತಲುಪಿದ್ದು |
|---|---|---|---|
| 1 | ಹೌದು | ಇಲ್ಲ | ತಡ |
| 2 | ಹೌದು | ಇಲ್ಲ | ತಡ |
| 3 | ಹೌದು | ಇಲ್ಲ | ತಡ |
| 4 | ಹೌದು | ಹೌದು | ಸರಿ |
| 5 | ಇಲ್ಲ | ಇಲ್ಲ | ತಡ |
| 6 | ಇಲ್ಲ | ಇಲ್ಲ | ಸರಿ |
| 7 | ಇಲ್ಲ | ಹೌದು | ಸರಿ |
| 8 | ಇಲ್ಲ | ಇಲ್ಲ | ಸರಿ |

ಮಳೆಯ ಮೇಲೆ ಕವಲೊಡೆದರೆ ಒಂದು ಕಡೆ 3 ತಡ, 1 ಸರಿ. ಇನ್ನೊಂದು ಕಡೆ 1 ತಡ, 3 ಸರಿ. ಪ್ರತಿ ಗುಂಪಿನಲ್ಲೂ ಹೆಚ್ಚಿನವರ ಮಾತನ್ನೇ ಉತ್ತರವೆಂದು ಹಿಡಿದರೆ ಒಟ್ಟು 2 ತಪ್ಪು. ಹೊರಟ ಹೊತ್ತಿನ ಮೇಲೆ ಕವಲೊಡೆದರೆ ಬೇಗ ಹೊರಟ 2 ದಿನವೂ ಸರಿ. ಉಳಿದ 6ರಲ್ಲಿ 4 ತಡ, 2 ಸರಿ. ಇಲ್ಲೂ 2 ತಪ್ಪು. ತಪ್ಪು ಎಣಿಸುವವನಿಗೆ ಎರಡೂ ಸಮ. ಆದರೆ ಎರಡನೆಯದರಲ್ಲಿ ಒಂದು ಗುಂಪು ಪೂರ್ತಿ ಶುದ್ಧವಾಗಿದೆ, ಅದನ್ನು ಮತ್ತೆ ಮುಟ್ಟುವ ಅಗತ್ಯವೇ ಇಲ್ಲ. ಈ ವ್ಯತ್ಯಾಸವನ್ನು ಗುರುತಿಸುವ ಅಳತೆ ನಮಗೆ ಬೇಕು.

ಜಿನಿಯನ್ನು ಚೀಟಿ ಎತ್ತುವ ಆಟದಂತೆ ನೋಡಿ. ಒಂದು ಗುಂಪಿನ ದಿನಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ. ಒಂದನ್ನು ಎತ್ತಿ, ನೋಡಿ, ವಾಪಸು ಹಾಕಿ, ಮತ್ತೊಮ್ಮೆ ಎತ್ತಿ. ಎರಡು ಸಲವೂ ಬೇರೆ ಬೇರೆ ಫಲ ಬರುವ ಸಂಭವ ಎಷ್ಟೋ ಅದೇ ಆ ಗುಂಪಿನ ಜಿನಿ, ಅಂದರೆ ಅದರ ಬೆರಕೆ. ಒಡೆಯುವ ಮೊದಲು 4 ತಡ, 4 ಸರಿ ಇರುವುದರಿಂದ ಅದು 0.5.

```
ಮಳೆ:
  ಪ್ರತಿ ಗುಂಪು  1 - (3/4)² - (1/4)² = 0.375
  ಸರಾಸರಿ      0.375
ಹೊರಟ ಹೊತ್ತು:
  6ರ ಗುಂಪು    1 - (4/6)² - (2/6)² = 0.444
  2ರ ಗುಂಪು    0
  ಸರಾಸರಿ      6/8 × 0.444 + 2/8 × 0 = 0.333
```

ಸರಾಸರಿ ತೆಗೆಯುವಾಗ ಗುಂಪಿನ ಗಾತ್ರದ ತೂಕ ಕೊಡುವುದನ್ನು ಮರೆಯಬೇಡಿ; ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮಳೆಯಿಂದ ಬೆರಕೆ 0.125 ಇಳಿಯಿತು, ಹೊರಟ ಹೊತ್ತಿನಿಂದ 0.167. ಹೊರಟ ಹೊತ್ತೇ ಗೆದ್ದಿತು.

ಎಂಟ್ರೊಪಿಯೂ ಬೆರಕೆಯ ಅಳತೆಯೇ, ಅದರ ಸೂತ್ರ `-Σ p log2(p)`; p ಎಂದರೆ ಗುಂಪಿನಲ್ಲಿ ಒಂದೊಂದು ಫಲದ ಪಾಲು. ಆರಂಭದಲ್ಲಿ ಅದು 1. ಮಳೆಯ ನಂತರ 0.811, ಹೊರಟ ಹೊತ್ತಿನ ನಂತರ 0.689. ಇಳಿಕೆ ಕ್ರಮವಾಗಿ 0.189 ಮತ್ತು 0.311, ತೀರ್ಪು ಅದೇ. ಬಹುಪಾಲು ಕೋಷ್ಟಕಗಳಲ್ಲಿ ಇವೆರಡೂ ಹೀಗೆ ಒಂದೇ ಕಾಲಂ ಕಡೆ ಬೆರಳು ತೋರಿಸುತ್ತವೆ. ಜಿನಿಗೆ ಲಾಗರಿದಮ್ ಬೇಕಿಲ್ಲ ಎಂಬುದೊಂದು ಅನುಕೂಲ. ಪೈಥಾನ್‌ನ scikit-learn ಲೈಬ್ರರಿಯಲ್ಲಿ ನೀವು ಏನೂ ಹೇಳದಿದ್ದರೆ `criterion="gini"` ಎಂದೇ ಇರುತ್ತದೆ.

ತಪ್ಪಿನ ಎಣಿಕೆಗೆ ಕಾಣದ್ದು ಇವಕ್ಕೆ ಯಾಕೆ ಕಾಣುತ್ತದೆ? ಗುಂಪಿನಲ್ಲಿ ತಡವಾದ ದಿನಗಳ ಪಾಲನ್ನು 0ಯಿಂದ 1ರವರೆಗೆ ಅಡ್ಡಕ್ಕೆ ಇಟ್ಟು ಚಿತ್ರ ಬರೆಯಿರಿ. ತಪ್ಪಿನ ಪ್ರಮಾಣ ನೆಟ್ಟಗೆ ಏರಿ, ನಡುವೆ ತುದಿ ಮುಟ್ಟಿ, ನೆಟ್ಟಗೆ ಇಳಿಯುತ್ತದೆ, ಗುಡಿಸಲಿನ ಮಾಡಿನಂತೆ. ಜಿನಿ, ಎಂಟ್ರೊಪಿ ಎರಡೂ ಬಿಲ್ಲಿನಂತೆ ಬಾಗಿವೆ. ನೇರ ಗೆರೆಯ ಮೇಲೆ ಒಂದು ಗುಂಪು ಶುದ್ಧವಾದ ಲಾಭವನ್ನು ಇನ್ನೊಂದು ಗುಂಪಿನ ಬೆರಕೆ ಸರಿಯಾಗಿ ಕಳೆದುಬಿಡಬಹುದು. ಬಾಗಿದ ಗೆರೆ ಶುದ್ಧತೆಯ ತುದಿಗಳ ಹತ್ತಿರ ಕಡಿದಾಗಿ ಇಳಿಯುವುದರಿಂದ, ಪೂರ್ತಿ ಶುದ್ಧವಾದ ಗುಂಪಿಗೆ ಅದು ಹೆಚ್ಚು ಬೆಲೆ ಕೊಡುತ್ತದೆ.

ಮುಂದೆ ಉಳಿದ 6 ದಿನಗಳ ಮೇಲೆ ಮಾತ್ರ ಇದೇ ಲೆಕ್ಕ. ಈಗ ಮಳೆಯ ಸರದಿ: ಮಳೆ ಬಂದ 3 ದಿನವೂ ತಡ, ಜಿನಿ 0. ಮಳೆಯಿಲ್ಲದ 3ರಲ್ಲಿ 1 ತಡ, 2 ಸರಿ, ಜಿನಿ 0.444. ಸರಾಸರಿ 0.222. ಐದನೇ ದಿನದ ತಡಕ್ಕೆ ಕಾರಣ ಈ ಕೋಷ್ಟಕದಲ್ಲಿಲ್ಲ, ಆದ್ದರಿಂದ ಮರದ ಎಲೆಯಂತಿರುವ ಆ ಕೊನೆಯ ಗುಂಪು ಬೆರಕೆಯಾಗಿಯೇ ಉಳಿಯುತ್ತದೆ. ಉಳಿಯಲಿ, ಅದು ಪ್ರಾಮಾಣಿಕ ಉತ್ತರ.

ಒಂದು ಎಚ್ಚರಿಕೆ ಹೇಳಲೇಬೇಕು. ನಾನು 'ದಿನ' ಎಂಬ ಕಾಲಂ ಅನ್ನು ಬೇಕೆಂದೇ ಲೆಕ್ಕದಿಂದ ಹೊರಗಿಟ್ಟೆ. ಅದನ್ನೂ ಸೇರಿಸಿ scikit-learnಗೆ ಕೊಟ್ಟರೆ ಅದು 3.5ರಲ್ಲಿ ಕತ್ತರಿಸಿ ನೋಡುತ್ತದೆ: ಎಡಕ್ಕೆ 3 ತಡ, ಬಲಕ್ಕೆ 1 ತಡ ಮತ್ತು 4 ಸರಿ. ಸರಾಸರಿ ಜಿನಿ 0.2, ಹೊರಟ ಹೊತ್ತಿನ 0.333ಕ್ಕಿಂತ ಎಷ್ಟೋ ಕಡಿಮೆ! ಮಳೆ ಮೊದಲ ನಾಲ್ಕು ದಿನ ಬಂದದ್ದರಿಂದ ಕ್ರಮಸಂಖ್ಯೆಯೇ ಜಾಣನಂತೆ ಕಾಣುತ್ತದೆ, ಆದರೆ ಒಂಬತ್ತನೇ ದಿನದ ಬಗ್ಗೆ ಅದಕ್ಕೆ ಏನೂ ತಿಳಿಯದು. ಮರದ ಮೊದಲ ಕವಲಿನಲ್ಲೇ ಕ್ರಮಸಂಖ್ಯೆ, ದಿನಾಂಕ, ಬಿಲ್ ಸಂಖ್ಯೆಯಂಥದ್ದು ಬಂದು ಕುಳಿತಿದ್ದರೆ, ಆ ಕಾಲಂ ತೆಗೆದು ಮತ್ತೆ ಬೆಳೆಸಿ ನೋಡಿ.