ಫಾರಂ ತುಂಬುವ ಮೊದಲು

ಕೆಲಸದ ವಿಷಯಕ್ಕೆ ಸಲಹೆ ಕೇಳಲು ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಬಳಿ ಬಂದ ಹುಡುಗಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಸುಮಾ ಎಂದಿಟ್ಟುಕೊಳ್ಳಿ. ಮಡಿಕೇರಿ ಹತ್ತಿರದ ರೆಸಾರ್ಟೊಂದರ ಫ್ರಂಟ್ ಆಫೀಸಿನಲ್ಲಿ ಎರಡು ವರ್ಷದಿಂದ ಇದ್ದಾಳೆ. ತಿಂಗಳಲ್ಲಿ ಹತ್ತು ದಿನ ನೈಟ್ ಶಿಫ್ಟ್, ಅದರಲ್ಲಿ ದಿನದ ಬಿಲ್ಲುಗಳ ಲೆಕ್ಕ ಮುಗಿಸುವ ನೈಟ್ ಆಡಿಟ್ ಅವಳದೇ. ರಿಸರ್ವೇಶನ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗುತ್ತಿತ್ತು. ಅಲ್ಲಿನ ಸೀನಿಯರ್ ಅಕ್ಕ, "ನಿನ್ನ ಹೆಸರು ನಾನು ಹೇಳ್ತೀನಿ" ಎಂದಿದ್ದರು.

"ಸರ್‌ಗೆ ಗೊತ್ತಾಗೋಕೆ ಮೊದಲೇ ಎಲ್ಲ ಆಗಿಬಿಟ್ರೆ ಒಳ್ಳೇದಲ್ವಾ ಮೇಡಂ?"

ಸರ್ ಎಂದರೆ ಅವಳ ಫ್ರಂಟ್ ಆಫೀಸ್ ಮ್ಯಾನೇಜರ್. ಕಂಪನಿಯ ನಿಯಮ ಏನಿದೆ ಎಂದೆ. ಮೊಬೈಲಿನಲ್ಲಿ ತೆಗೆದು ಓದಿದಳು: ಈಗಿನ ವಿಭಾಗದಲ್ಲಿ ಒಂದು ವರ್ಷ ಪೂರೈಸಿರಬೇಕು, ವರ್ಗಾವಣೆ ಫಾರಂಗೆ ಈಗಿನ ಮ್ಯಾನೇಜರ್ ಸಹಿ ಬೇಕು. ಗುಟ್ಟಾಗಿ ಮುಗಿಯುವ ಕೆಲಸವಲ್ಲ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಫಾರಂವರೆಗೂ ಹೋಗಬೇಕಿಲ್ಲ: ಬೆಳಗಿನ ಬ್ರೀಫಿಂಗಿನಲ್ಲಿ ವಿಭಾಗದ ಮುಖ್ಯಸ್ಥರೆಲ್ಲ ಒಟ್ಟಿಗೇ ಕೂರುತ್ತಾರೆ. ಅಕ್ಕ ಹೆಸರು ಎತ್ತಿದ ಮರುದಿನ ಸರ್ ಕಿವಿಗೆ ಬಿದ್ದಿರುತ್ತದೆ.

ಹಾಗೆಂದು ಇವತ್ತೇ ಹೋಗಿ ಹೇಳು ಎನ್ನಲೂ ಇಲ್ಲ. ಜಾಗ ನಿಜವಾಗಿ ತುಂಬುತ್ತಾರೋ ಇಲ್ಲವೋ ತಿಳಿಯದೆ ಬಾಯಿಬಿಟ್ಟರೆ, ಕೆಲಸವೂ ಸಿಗದೆ 'ಹೋಗುವವಳು' ಎಂಬ ಹಣೆಪಟ್ಟಿ ಮಾತ್ರ ಉಳಿಯುತ್ತದೆ. ಮೊದಲು ಅಕ್ಕನಿಗೆ, "ನಾನು ಹೇಳೋವರೆಗೆ ನನ್ನ ಹೆಸರು ಬೇಡ, ಜಾಗ ಒಳಗಿನವರಿಗೆ ಕೊಡ್ತಾರಾ ಅಷ್ಟು ಕೇಳಿ" ಎನ್ನಲು ಹೇಳಿದೆ. ಹೌದು ಎಂದು ಖಚಿತವಾದ ದಿನವೇ, ಫಾರಂ ಮುಟ್ಟುವ ಮೊದಲು, ಸರ್ ಜೊತೆ ಹತ್ತು ನಿಮಿಷ.

ಆ ಹತ್ತು ನಿಮಿಷಕ್ಕೆ ಇಲ್ಲೇ ತಾಲೀಮು ಮಾಡಿದೆವು. ಮೊದಲ ಸಲ ಅವಳು ಶುರುಮಾಡಿದ್ದು "ನೈಟ್ ಶಿಫ್ಟ್ ಆಗ್ತಿಲ್ಲ ಸರ್" ಎಂದು. ನಿಲ್ಲಿಸಿದೆ. ದೂರು ಕೇಳಿದ ಮ್ಯಾನೇಜರ್ ಶಿಫ್ಟ್ ಬದಲಿಸಿ ಕಳಿಸುತ್ತಾನೆ, ಮಾತು ಅಲ್ಲೇ ಮುಗಿಯುತ್ತದೆ. ಎರಡನೇ ಸಲ: "ಸರ್, ರಿಸರ್ವೇಶನ್‌ನಲ್ಲಿ ಜಾಗ ಇದೆ, ಅರ್ಜಿ ಹಾಕಬೇಕು ಅಂತಿದ್ದೀನಿ. ಬೇರೆಯವರಿಂದ ತಿಳಿಯೋಕೆ ಮೊದಲು ನಿಮಗೆ ಹೇಳೋಣ ಅಂತ ಬಂದೆ. ದಸರಾ ರಶ್ ಮುಗಿಯೋವರೆಗೆ ಇರ್ತೀನಿ, ಆಡಿಟ್‌ ಜೂನಿಯರ್‌ಗೆ ಕಲಿಸಿ ಹೋಗ್ತೀನಿ."

ಸರ್‌ಗೆ ನಿಜವಾಗಿ ತಲೆನೋವಾಗುವುದು ರೋಸ್ಟರ್. ಕೊನೆಯ ವಾಕ್ಯ ಅದಕ್ಕೇ. ಮಾತಾದ ಸಂಜೆ ಅದನ್ನೇ ನಾಲ್ಕು ಸಾಲಿನ ಮೇಲ್‌ನಲ್ಲಿ ಬರೆಯಲು ಹೇಳಿದೆ, ದಿನಾಂಕ ಸಹಿತ. ಬೇಡ ಎಂದರೆ ವಾದ ಬೇಡ, "ಯಾವ ತಿಂಗಳು ಬಿಡಬಹುದು ಸರ್?" ಎಂದಷ್ಟೇ ಕೇಳು; ಉತ್ತರ ಬರದಿದ್ದರೆ ಅವರಿಗೆ ತಿಳಿಸಿಯೇ ಎಚ್‌ಆರ್ ಬಳಿ ಹೋಗು ಎಂದೆ.

ಎರಡು ದಿನ ಸರ್ ಮುಖ ಗಂಟಿಕ್ಕಿಕೊಂಡೇ ಇದ್ದರಂತೆ. ಮೂರನೇ ದಿನ ಬಂದು, "ಡಿಸೆಂಬರ್ ಕೊನೇ ವಾರ ದಾಟಲಿ" ಎಂದರು. ಅಷ್ಟು ದಿನ ರಿಸರ್ವೇಶನ್‌ನವರು ಕಾಯುವರೇ ಎಂಬುದು ಅವಳ ಮುಂದಿನ ಪ್ರಶ್ನೆ. ಸರ್ ಕೊಟ್ಟ ತಾರೀಕು ಹೇಳಿ ಅವರನ್ನೇ ಕೇಳು ಎಂದೆ. ಕಾದರು. ಜೂನಿಯರ್ ಹುಡುಗನಿಗೆ ಆಡಿಟ್ ಕಲಿಸಲು ಐದು ರಾತ್ರಿ ಬೇಕಾಯಿತು, ಅವಳು ಮೂರು ಎಂದುಕೊಂಡಿದ್ದಳು.